ತಡವಾಗಿ ತಿಳಿಸಿದ್ದಕ್ಕೆ ವಾಹನ ವಿಮೆ ಕ್ಲೇಮ್ ತಿರಸ್ಕಾರ: ಕುಂದುಕೊರತೆ ಅಧಿಕಾರಿಗೆ ಪತ್ರ ಬರೆಯುವ ಬಗೆ

ವಿಮಾ ಕಂಪನಿಯಿಂದ ಬರುವ ತಿರಸ್ಕಾರ ಪತ್ರ ಸಾಮಾನ್ಯವಾಗಿ ಒಂದೇ ಪುಟದ್ದು. ಮುಕ್ಕಾಲು ಪುಟ ಪಾಲಿಸಿ ಸಂಖ್ಯೆ, ಕ್ಲೇಮ್ ಸಂಖ್ಯೆ, ವಿಷಾದದ ಮಾತುಗಳಲ್ಲೇ ಕಳೆದಿರುತ್ತದೆ. ಕಾರಣ ಮಾತ್ರ ಎರಡು ಸಾಲು. ಆ ಎರಡು ಸಾಲನ್ನು ಓದಿ ಕೈಚೆಲ್ಲಿದವರನ್ನು ಮಂಡ್ಯ, ಮೈಸೂರು ಭಾಗದಲ್ಲಿ ಬೇಕಾದಷ್ಟು ನೋಡಿದ್ದೇನೆ. ಏಜೆಂಟರಿಗೆ ಫೋನ್ ಮಾಡಿ ಬೈದು ಸುಮ್ಮನಾದವರೂ ಇದ್ದಾರೆ. ಎರಡರಿಂದಲೂ ಹಣ ಬರುವುದಿಲ್ಲ. ಆ ಎರಡು ಸಾಲಿಗೆ ಲಿಖಿತವಾಗಿ, ದಾಖಲೆ ಸಮೇತ ಉತ್ತರ ಕೊಡಬೇಕು. ಅದನ್ನು ಕಂಪನಿಯ ಕುಂದುಕೊರತೆ ಪರಿಹಾರ ಅಧಿಕಾರಿಗೇ ಕಳುಹಿಸಬೇಕು. ಮುಂದೆ ವಿಮೆಯ ದೂರುಗಳನ್ನು ವಿಚಾರಿಸಿ ತೀರ್ಮಾನ ಕೊಡುವ ವಿಮಾ ಒಂಬುಡ್ಸ್‌ಮನ್ ಬಳಿಗೆ ಹೋಗಬೇಕಾಗಿ ಬಂದರೂ ಅವರು ಮೊದಲು ಕೇಳುವುದು ಇದೇ ಪತ್ರವನ್ನು. ಕಂಪನಿಗೆ ಲಿಖಿತ ಮನವಿ ಕೊಡದೆ ಅಲ್ಲಿಗೆ ನೇರವಾಗಿ ಹೋದರೆ ದೂರು ಒಳಗೇ ಹೋಗುವುದಿಲ್ಲ.

ತಿರಸ್ಕಾರಕ್ಕೆ ಹಲವು ಕಾರಣಗಳಿರುತ್ತವೆ. ಈ ಲೇಖನದಲ್ಲಿ ಒಂದನ್ನೇ ಹಿಡಿದು ಕೊನೆಯವರೆಗೂ ಹೋಗುತ್ತೇನೆ: ‘ಅಪಘಾತವಾದ ತಕ್ಷಣ ತಿಳಿಸಲಿಲ್ಲ, ತಡ ಮಾಡಿದಿರಿ’ ಎಂಬ ಕಾರಣ. ಕಂಪನಿಗಳು ಸುಲಭವಾಗಿ ಕೊಡುವ ಕಾರಣ ಇದು. ಉತ್ತರ ಕೊಡಲು ಬೇಕಾದ ದಾಖಲೆ ಪಾಲಿಸಿದಾರರ ಕೈಯಲ್ಲೇ ಇರುವ ಕಾರಣವೂ ಹೌದು.

ಒಂದು ಪ್ರಕರಣ

ಹೀಗೊಂದು ಪ್ರಕರಣ ಇಟ್ಟುಕೊಳ್ಳೋಣ. ಪಾಂಡವಪುರ ತಾಲ್ಲೂಕಿನ ಒಬ್ಬ ಪ್ರೌಢಶಾಲಾ ಶಿಕ್ಷಕರು ಆಗಸ್ಟ್ 9ರ ರಾತ್ರಿ ಮಂಡ್ಯದಿಂದ ಊರಿಗೆ ಕಾರಿನಲ್ಲಿ ಹೊರಟಿದ್ದಾರೆ. ತಿರುವಿನಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರೈಲರ್ ನಿಂತಿದೆ. ಹಿಂದೆ ದೀಪವಿಲ್ಲ, ರಿಫ್ಲೆಕ್ಟರ್ ಇಲ್ಲ. ತಪ್ಪಿಸಲು ಹೋದ ಕಾರು ರಸ್ತೆ ಬದಿಯ ಹುಣಸೆಮರಕ್ಕೆ ಗುದ್ದಿದೆ. ಬಾನೆಟ್, ಎಡಗಡೆಯ ಫೆಂಡರ್, ಮುಂದಿನ ಬಂಪರ್, ಗಾಜು ಹೋಗಿವೆ. ಅವರ ಭುಜದ ಮೂಳೆ ಮುರಿದಿದೆ. ಅಂದೇ ರಾತ್ರಿ ಮೈಸೂರಿನ ಆಸ್ಪತ್ರೆಗೆ ದಾಖಲಾಗಿ, ಶಸ್ತ್ರಚಿಕಿತ್ಸೆಯಾಗಿ, ಆಗಸ್ಟ್ 15ಕ್ಕೆ ಮನೆಗೆ ಬಂದಿದ್ದಾರೆ. ಆಗಸ್ಟ್ 10ರ ಬೆಳಿಗ್ಗೆ ಅವರ ಭಾವಮೈದ ಕಾರನ್ನು ಎಳೆಸಿಕೊಂಡು ಹೋಗಿ ಮಂಡ್ಯದ ಗ್ಯಾರೇಜಿನಲ್ಲಿ ನಿಲ್ಲಿಸಿದ್ದಾರೆ. ಶಿಕ್ಷಕರು ಕಂಪನಿಗೆ ತಿಳಿಸಿದ್ದು ಆಗಸ್ಟ್ 16ಕ್ಕೆ. ಹಾನಿಯನ್ನು ಅಂದಾಜು ಮಾಡಲು ಕಂಪನಿ ನೇಮಿಸಿದ ಸರ್ವೇಯರ್ 18ಕ್ಕೆ ಬಂದು, ಇನ್ನೂ ರಿಪೇರಿಗೆ ಕೈಹಾಕದೆ ನಿಲ್ಲಿಸಿದ್ದ ಕಾರಿನ ಫೋಟೊ ತೆಗೆದುಕೊಂಡು ಹೋಗಿದ್ದಾರೆ. ಸೆಪ್ಟೆಂಬರ್ 20ಕ್ಕೆ ಪತ್ರ ಬಂತು: ‘ಏಳು ದಿನ ತಡವಾಗಿ ತಿಳಿಸಿದ್ದೀರಿ, ಪಾಲಿಸಿಯ ಷರತ್ತು 1ರ ಉಲ್ಲಂಘನೆಯಾಗಿದೆ. ಎಫ್‌ಐಆರ್ ಸಹ ಸಲ್ಲಿಸಿಲ್ಲ. ಆದ್ದರಿಂದ ಕ್ಲೇಮ್ ತಿರಸ್ಕರಿಸಲಾಗಿದೆ.’

ಮೊದಲು ಕಾರಣ ಗಟ್ಟಿಯೋ ಟೊಳ್ಳೋ ನೋಡಿ

ಪತ್ರ ಬರೆಯುವ ಮೊದಲು ಪಾಲಿಸಿ ಪುಸ್ತಿಕೆಯನ್ನು ತೆಗೆದು, ಅವರು ಹೇಳಿದ ಷರತ್ತನ್ನು ಪೂರ್ತಿ ಓದಿ. ಸಿಕ್ಕಿದ್ದು ಒಂದು ಪುಟದ ಸರ್ಟಿಫಿಕೇಟ್ ಮಾತ್ರವಾದರೆ ಷರತ್ತುಗಳಿರುವ ಪೂರ್ತಿ ಪ್ರತಿಯನ್ನು ಕಂಪನಿಯ ಜಾಲತಾಣದಿಂದ ಇಳಿಸಿಕೊಳ್ಳಿ, ಇಲ್ಲವೇ ಇಮೇಲ್‌ನಲ್ಲಿ ಕೇಳಿ. ಖಾಸಗಿ ಕಾರಿನ ಪ್ಯಾಕೇಜ್ ಪಾಲಿಸಿಯ ಷರತ್ತು 1 ಹೇಳುವುದು ಇಷ್ಟು: ಅಪಘಾತವಾದರೆ ಕಂಪನಿಗೆ ತಕ್ಷಣ ಲಿಖಿತವಾಗಿ ತಿಳಿಸಬೇಕು, ಕೇಳಿದ ಮಾಹಿತಿ ಕೊಡಬೇಕು. ಕಳ್ಳತನ ಅಥವಾ ಅಪರಾಧ ಕೃತ್ಯವಾದರೆ ಪೊಲೀಸರಿಗೂ ತಕ್ಷಣ ತಿಳಿಸಬೇಕು. ಈ ಷರತ್ತಿನಲ್ಲಿ ಪೊಲೀಸರ ಮಾತು ಬರುವುದು ಕಳ್ಳತನ ಮತ್ತು ಅಪರಾಧದ ಸಂದರ್ಭದಲ್ಲಿ. ಕಾರು ಮರಕ್ಕೆ ಗುದ್ದಿದ, ಬೇರೆ ಯಾರಿಗೂ ಪೆಟ್ಟಾಗದ ಸ್ವಂತ ಹಾನಿಯ ಕ್ಲೇಮಿಗೆ ಎಫ್‌ಐಆರ್ ಇಲ್ಲವೆಂಬ ಕಾರಣ ಅಲ್ಲಿಗೇ ಬಿದ್ದುಹೋಗುತ್ತದೆ. ಬೇರೆಯವರಿಗೆ ಗಾಯವಾಗಿದ್ದರೆ ಅಥವಾ ಅವರ ಆಸ್ತಿಗೆ ಹಾನಿಯಾಗಿದ್ದರೆ ಮಾತು ಬೇರೆ. ಅಂಥ ಪ್ರಕರಣದಲ್ಲಿ ಪೊಲೀಸ್ ದಾಖಲೆ ಬೇಕೇ ಬೇಕು.

‘ತಕ್ಷಣ’ ಎಂಬ ಮಾತನ್ನು ಎದುರಿಸುವುದು ಹೇಗೆ? ‘ಏಳು ದಿನ ದೊಡ್ಡ ತಡವೇನಲ್ಲ’ ಎಂದು ವಾದಿಸಲು ಹೋಗಬೇಡಿ. ಷರತ್ತುಗಳನ್ನು ಪಾಲಿಸಿದರೆ ಮಾತ್ರ ಕಂಪನಿಗೆ ಹೊಣೆ ಎಂಬ ಇನ್ನೊಂದು ಷರತ್ತೂ ಅದೇ ಪುಸ್ತಿಕೆಯಲ್ಲಿದೆ, ಅದನ್ನು ತೋರಿಸಿ ಬಾಯಿ ಮುಚ್ಚಿಸುತ್ತಾರೆ. ನಿಮಗೆ ಆಧಾರ ಬೇರೆ ಕಡೆ ಇದೆ. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2011ರ ಸೆಪ್ಟೆಂಬರ್ 20ರಂದು ಎಲ್ಲ ವಿಮಾ ಕಂಪನಿಗಳಿಗೆ ಒಂದು ಸುತ್ತೋಲೆ ಕಳುಹಿಸಿತು. ಅದರ ಸಾರ ಹೀಗಿದೆ: ತಡಕ್ಕೆ ಕಾರಣವೇನೆಂದು ವಿಚಾರಿಸಿ ದಾಖಲಿಸದೆ, ತಡವಾಯಿತೆಂಬ ಒಂದೇ ನೆಪದಲ್ಲಿ ನೈಜ ಕ್ಲೇಮನ್ನು ತಿರಸ್ಕರಿಸಬಾರದು. ಸಕಾಲಕ್ಕೆ ತಿಳಿಸಿದ್ದರೂ ಈ ಕ್ಲೇಮ್ ತಿರಸ್ಕೃತವಾಗುತ್ತಿತ್ತು ಎಂಬುದು ಕಂಪನಿಗೆ ಮನವರಿಕೆಯಾದರೆ ಮಾತ್ರ ತಿರಸ್ಕರಿಸಬಹುದು.

ನಿಮ್ಮ ಇಡೀ ಪತ್ರ ನಿಲ್ಲುವುದು ಈ ಕೊನೆಯ ಮಾತಿನ ಮೇಲೆ. 9ನೇ ತಾರೀಕು ರಾತ್ರಿಯೇ ಫೋನ್ ಮಾಡಿದ್ದರೆ ಏನು ಬದಲಾಗುತ್ತಿತ್ತು? ಅದೇ ಕಾರು, ಅದೇ ಹಾನಿ, ಅದೇ ಚಾಲಕ, ಅದೇ ಪರವಾನಗಿ. ಏನೂ ಬದಲಾಗುತ್ತಿರಲಿಲ್ಲ ಎಂಬುದನ್ನು ದಾಖಲೆಯಿಂದ ತೋರಿಸಿದರೆ ಕಂಪನಿಯ ಕಾರಣ ಟೊಳ್ಳೆಂದು ಸಾಬೀತಾದಂತೆ.

ಇದೇ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ನಿಮಗೂ ಹಾಕಿಕೊಳ್ಳಿ. ಸರ್ವೇಯರ್ ಬರುವ ಮೊದಲೇ ಬಾನೆಟ್ ಬದಲಾಯಿಸಿ ಹಳೆಯದನ್ನು ಗುಜರಿಗೆ ಹಾಕಿದ್ದರೆ, ತಡದಿಂದ ಕಂಪನಿಗೆ ನಿಜವಾಗಿಯೂ ತೊಂದರೆಯಾಗಿದೆ. ಆಗ ಈ ವಾದ ನಿಲ್ಲುವುದಿಲ್ಲ. ಚಾಲನಾ ಪರವಾನಗಿ ಇರಲಿಲ್ಲ, ಕುಡಿದಿದ್ದರು, ಪಾಲಿಸಿಯ ಅವಧಿ ಮುಗಿದಿತ್ತು ಎಂಬ ಕಾರಣಗಳಿಗೂ ಈ ಪತ್ರ ಮದ್ದಲ್ಲ.

ಸರ್ವೇ ವರದಿಯನ್ನು ಕೇಳಿ ಪಡೆಯಿರಿ

ಸರ್ವೇ ವರದಿಯ ಪ್ರತಿಯನ್ನು ಕೇಳುವ ಹಕ್ಕು ಪಾಲಿಸಿದಾರರಿಗಿದೆ, ಆದರೂ ಕೇಳುವವರು ಕಡಿಮೆ. ಕ್ಲೇಮ್ ಸಂಖ್ಯೆ ನಮೂದಿಸಿ, ‘ಸರ್ವೇಯರ್ ಸಲ್ಲಿಸಿದ ಅಂತಿಮ ವರದಿ ಮತ್ತು ಫೋಟೊಗಳ ಪ್ರತಿ ಕೊಡಿ’ ಎಂದು ಎರಡು ಸಾಲಿನ ಇಮೇಲ್ ಹಾಕಿ. ಬಂದ ವರದಿಯಲ್ಲಿ ಎರಡು ಸಂಗತಿ ಹುಡುಕಿ. ಅಪಘಾತದ ವಿವರಣೆಗೂ ಹಾನಿಗೂ ಹೊಂದಾಣಿಕೆ ಇದೆ ಎಂದು ಸರ್ವೇಯರ್ ಬರೆದಿದ್ದಾರೆಯೇ ಎಂಬುದು ಒಂದು. ಅವರು ನಷ್ಟವನ್ನು ಎಷ್ಟೆಂದು ಲೆಕ್ಕ ಹಾಕಿದ್ದಾರೆ ಎಂಬುದು ಇನ್ನೊಂದು. ನಮ್ಮ ಶಿಕ್ಷಕರ ಪ್ರಕರಣದಲ್ಲಿ, ‘ಹಾನಿಯು ಹೇಳಿದ ಅಪಘಾತಕ್ಕೆ ಅನುಗುಣವಾಗಿದೆ, ವಾಹನ ಕಳಚಿರಲಿಲ್ಲ’ ಎಂದು ವರದಿಯಲ್ಲಿದೆ ಎಂದುಕೊಳ್ಳಿ. ಕಂಪನಿಯೇ ನೇಮಿಸಿದ ಸರ್ವೇಯರ್ ಬರೆದ ಈ ಒಂದು ವಾಕ್ಯ ನಿಮ್ಮ ಹತ್ತು ಪುಟದ ಅಳಲಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ವರದಿ ಕೊಡದಿದ್ದರೆ ಕಾಯುತ್ತಾ ಕೂರಬೇಡಿ. ಕೇಳಿದ ಇಮೇಲ್‌ನ ಪ್ರತಿಯನ್ನು ಲಗತ್ತಿಸಿ, ‘ಕೇಳಿದರೂ ಕೊಟ್ಟಿಲ್ಲ’ ಎಂದು ದೂರಿನಲ್ಲೇ ಬರೆಯಿರಿ.

ಆಸ್ಪತ್ರೆಯಿಂದ ಡಿಸ್ಚಾರ್ಜ್ ಸಾರಾಂಶ ಬೇಕು. ಅಪಘಾತದ ಗಾಯಾಳುಗಳು ಬಂದಾಗ ಆಸ್ಪತ್ರೆಗಳು ಎಂಎಲ್‌ಸಿ, ಅಂದರೆ ವೈದ್ಯಕೀಯ-ಕಾನೂನು ಪ್ರಕರಣ ಎಂದು ನಮೂದಿಸಿ ಪೊಲೀಸರಿಗೆ ಮಾಹಿತಿ ಕಳುಹಿಸುವ ವಾಡಿಕೆ ಇದೆ. ಎಂಎಲ್‌ಸಿ ಸಂಖ್ಯೆ ಡಿಸ್ಚಾರ್ಜ್ ಕಾಗದದಲ್ಲಿ ಇದ್ದರೆ ಅದು ಚಿನ್ನದಂಥ ದಾಖಲೆ. ಅಪಘಾತ ಆ ರಾತ್ರಿಯೇ ನಡೆಯಿತು ಎಂಬುದಕ್ಕೆ ಹೊರಗಿನವರ, ಅದೂ ಅಂದೇ ಬರೆದಿಟ್ಟ ಸಾಕ್ಷ್ಯ ಅದು. ಕಾರನ್ನು ಎಳೆದು ತಂದವರ ರಸೀದಿ, ಗ್ಯಾರೇಜಿನವರು ಆಗಸ್ಟ್ 10ರಂದು ಮಾಡಿಕೊಟ್ಟ ಜಾಬ್ ಕಾರ್ಡ್ ಜೊತೆಗಿರಲಿ. ಈ ಜಾಬ್ ಕಾರ್ಡ್‌ನಲ್ಲಿ ವಾಹನ ಬಂದ ದಿನಾಂಕ, ಓಡಿದ ಕಿಲೋಮೀಟರ್ ಇರುತ್ತದೆ. ಸರ್ವೇಯರ್ ಬರೆದುಕೊಂಡ ಕಿಲೋಮೀಟರೂ ಅಷ್ಟೇ ಇದ್ದರೆ ನಡುವೆ ಕಾರು ಓಡಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಕಳಚಿದ ಹಳೆಯ ಭಾಗಗಳನ್ನು ಪ್ರಕರಣ ಮುಗಿಯುವವರೆಗೂ ಎಸೆಯಬೇಡಿ ಎಂದು ಗ್ಯಾರೇಜಿನವರಿಗೆ ಹೇಳಿಡಿ.

ಕೇಳುವ ಹಣ ಲೆಕ್ಕಕ್ಕೆ ಕೂರಬೇಕು

ಗ್ಯಾರೇಜಿನ ಬಿಲ್ 60,000 ರೂಪಾಯಿ ಎಂದು ಅಷ್ಟನ್ನೂ ಕೇಳಿದರೆ ಪತ್ರದ ತೂಕ ಕಡಿಮೆಯಾಗುತ್ತದೆ. ಶೂನ್ಯ ಸವಕಳಿಯ ಹೆಚ್ಚುವರಿ ರಕ್ಷಣೆ ಕೊಳ್ಳದಿದ್ದರೆ ಸವಕಳಿ ಕಳೆದೇ ಕೊಡುತ್ತಾರೆ. ಅದು ಪಾಲಿಸಿಯಲ್ಲೇ ಇದೆ. ಲೋಹದ ಭಾಗಗಳಿಗೆ ವಾಹನದ ವಯಸ್ಸಿನ ಮೇಲೆ ಕಡಿತ. ಮೂರು ವರ್ಷ ದಾಟಿ ನಾಲ್ಕು ತುಂಬದ ಕಾರಿಗೆ ಅದು ಶೇಕಡಾ 25. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇಕಡಾ 50. ಗಾಜಿಗೆ ಕಡಿತವಿಲ್ಲ. ಬಣ್ಣದ ಬಿಲ್ ಒಟ್ಟಾಗಿದ್ದರೆ ಅದರ ಕಾಲು ಭಾಗವನ್ನು ಸಾಮಗ್ರಿಯೆಂದು ಎಣಿಸಿ, ಆ ಕಾಲು ಭಾಗದಲ್ಲಿ ಅರ್ಧವನ್ನು ಮುರಿದುಕೊಳ್ಳುತ್ತಾರೆ.

ಶಿಕ್ಷಕರ ಕಾರಿಗೆ ಮೂರು ವರ್ಷ ನಾಲ್ಕು ತಿಂಗಳು. ಲೋಹದ ಭಾಗ 24,000 ರೂಪಾಯಿ, ಕಾಲು ಭಾಗ ಕಳೆದರೆ 18,000. ಬಂಪರ್ ಮತ್ತಿತರ ಪ್ಲಾಸ್ಟಿಕ್ 12,000, ಅರ್ಧ ಕಳೆದರೆ 6,000. ಗಾಜು 7,000, ಪೂರ್ತಿ. ಕೂಲಿ 9,000, ಅದೂ ಪೂರ್ತಿ. ಬಣ್ಣ 8,000ದಲ್ಲಿ ಸಾಮಗ್ರಿ 2,000, ಅದರರ್ಧ ಕಳೆದು 7,000. ಕೂಡಿದರೆ 47,000. ಕಾರಿನ ಎಂಜಿನ್ 1500 ಸಿಸಿಗಿಂತ ಹೆಚ್ಚಿಲ್ಲವಾದ್ದರಿಂದ ಪಾಲಿಸಿದಾರರೇ ಹೊರಬೇಕಾದ ಕಡ್ಡಾಯ ಮೊತ್ತ 1,000. ಉಳಿದದ್ದು 46,000 ರೂಪಾಯಿ. ಪತ್ರದಲ್ಲಿ ಕೇಳಬೇಕಾದ್ದು ಇದನ್ನೇ. ಸರ್ವೇಯರ್ ವರದಿಯ ಮೊತ್ತ ಇದಕ್ಕೆ ಹತ್ತಿರವಿದ್ದರೆ ಹಗ್ಗಜಗ್ಗಾಟವೇ ಇರುವುದಿಲ್ಲ, ಉಳಿಯುವ ಪ್ರಶ್ನೆ ಕೊಡಬೇಕೋ ಬೇಡವೋ ಎಂಬುದೊಂದೇ.

ಪತ್ರ

ಎರಡು ಪುಟ ಮೀರಬೇಡಿ. ಕನ್ನಡದಲ್ಲೇ ಬರೆಯಬಹುದು. ತೀರ್ಮಾನ ಮಾಡುವ ಕಡತ ಹಲವು ಕಂಪನಿಗಳಲ್ಲಿ ಹೊರರಾಜ್ಯದ ಕೇಂದ್ರ ಕಚೇರಿಗೆ ಹೋಗುವುದರಿಂದ, ಇಂಗ್ಲಿಷ್ ಅನುವಾದವನ್ನು ಜೊತೆಗಿಟ್ಟರೆ ‘ಅರ್ಥವಾಗಲಿಲ್ಲ’ ಎಂದು ತಡ ಮಾಡಲು ಅವಕಾಶವಿರುವುದಿಲ್ಲ. ಕರಡು ಹೀಗಿರಲಿ:

*ಇವರಿಗೆ,*
*ಕುಂದುಕೊರತೆ ಪರಿಹಾರ ಅಧಿಕಾರಿಗಳು,*
*(ಕಂಪನಿಯ ಹೆಸರು, ವಿಳಾಸ)*

*ವಿಷಯ: ಕ್ಲೇಮ್ ಸಂಖ್ಯೆ …, ಪಾಲಿಸಿ ಸಂಖ್ಯೆ …, ವಾಹನ ಸಂಖ್ಯೆ ಕೆಎ 11 … — ಸ್ವಂತ ಹಾನಿ ಕ್ಲೇಮ್ ತಿರಸ್ಕಾರವನ್ನು ಮರುಪರಿಶೀಲಿಸುವ ಬಗ್ಗೆ.*
*ಉಲ್ಲೇಖ: ಸೆಪ್ಟೆಂಬರ್ 20ರ ತಮ್ಮ ತಿರಸ್ಕಾರ ಪತ್ರ.*

*ಮಾನ್ಯರೇ,*

*1. ಉಲ್ಲೇಖಿತ ಪತ್ರದಲ್ಲಿ ತಾವು ಎರಡು ಕಾರಣಗಳನ್ನು ಮಾತ್ರ ಕೊಟ್ಟಿದ್ದೀರಿ: ಏಳು ದಿನ ತಡವಾಗಿ ತಿಳಿಸಿದ್ದು, ಎಫ್‌ಐಆರ್ ಸಲ್ಲಿಸದಿದ್ದುದು. ಬೇರೆ ಯಾವ ಕಾರಣವನ್ನೂ ಹೇಳಿಲ್ಲ.*

*2. ಅಪಘಾತ ಆಗಸ್ಟ್ 9ರ ರಾತ್ರಿ ಸುಮಾರು 9.30ಕ್ಕೆ ನಡೆಯಿತು. ವಾಹನವನ್ನು ಓಡಿಸುತ್ತಿದ್ದ ನಾನು ಅಂದೇ ರಾತ್ರಿ ಆಸ್ಪತ್ರೆಗೆ ದಾಖಲಾಗಿ ಆಗಸ್ಟ್ 15ರಂದು ಬಿಡುಗಡೆಯಾದೆ (ಲಗತ್ತು 1). ಮರುದಿನವೇ ತಮಗೆ ತಿಳಿಸಿದೆ (ಲಗತ್ತು 2).*

*3. ವಾಹನ ಆಗಸ್ಟ್ 10ರಿಂದ ಗ್ಯಾರೇಜಿನಲ್ಲಿ ರಿಪೇರಿ ಮಾಡದ ಸ್ಥಿತಿಯಲ್ಲಿತ್ತು (ಲಗತ್ತು 3). ತಾವು ನೇಮಿಸಿದ ಸರ್ವೇಯರ್ ಆಗಸ್ಟ್ 18ರಂದು ಅದೇ ಸ್ಥಿತಿಯಲ್ಲಿ ಪರಿಶೀಲಿಸಿ, ಹಾನಿಯು ಅಪಘಾತಕ್ಕೆ ಅನುಗುಣವಾಗಿದೆ ಎಂದು ವರದಿ ಮಾಡಿದ್ದಾರೆ (ಲಗತ್ತು 4). ತಡದಿಂದ ಪರಿಶೀಲನೆಗೆ ಯಾವ ಅಡ್ಡಿಯೂ ಆಗಿಲ್ಲ.*

*4. ಐಆರ್‌ಡಿಎಐ 20.09.2011ರ ಸುತ್ತೋಲೆಯ ಪ್ರಕಾರ, ಸಕಾಲಕ್ಕೆ ತಿಳಿಸಿದ್ದರೂ ಕ್ಲೇಮ್ ತಿರಸ್ಕೃತವಾಗುತ್ತಿತ್ತು ಎಂದು ಮನವರಿಕೆಯಾಗದ ಹೊರತು ತಡದ ಕಾರಣಕ್ಕೆ ತಿರಸ್ಕರಿಸುವಂತಿಲ್ಲ. ತಮ್ಮ ಪತ್ರದಲ್ಲಿ ಅಂಥ ಪರಿಶೀಲನೆಯ ಉಲ್ಲೇಖವಿಲ್ಲ. ತಡಕ್ಕೆ ಕಾರಣವನ್ನು ನನ್ನಿಂದ ಕೇಳಿಯೂ ಇಲ್ಲ.*

*5. ಷರತ್ತು 1ರಲ್ಲಿ ಪೊಲೀಸರಿಗೆ ತಿಳಿಸುವ ಮಾತು ಕಳ್ಳತನ ಮತ್ತು ಅಪರಾಧ ಕೃತ್ಯಕ್ಕೆ ಸಂಬಂಧಿಸಿದೆ. ಈ ಅಪಘಾತದಲ್ಲಿ ಬೇರೆ ಯಾರಿಗೂ ಗಾಯವಾಗಲಿ, ಆಸ್ತಿ ಹಾನಿಯಾಗಲಿ ಆಗಿಲ್ಲ.*

*6. ಆದ್ದರಿಂದ ತಿರಸ್ಕಾರವನ್ನು ಹಿಂಪಡೆದು, ಲಗತ್ತು 5ರ ಲೆಕ್ಕದಂತೆ ರೂ. 46,000 ಮತ್ತು ವಿಳಂಬಕ್ಕೆ ನಿಯಮದಂತೆ ಸಲ್ಲಬೇಕಾದ ಬಡ್ಡಿಯನ್ನು ಪಾವತಿಸಬೇಕೆಂದು ಕೋರುತ್ತೇನೆ. ಒಪ್ಪದಿದ್ದರೆ, ಮೇಲಿನ ಪ್ರತಿ ಅಂಶಕ್ಕೂ ಕಾರಣ ಸಹಿತ ಲಿಖಿತ ಉತ್ತರ ಕೊಡಬೇಕು.*

*ತಮ್ಮ ವಿಶ್ವಾಸಿ,*
*(ಸಹಿ, ಹೆಸರು, ವಿಳಾಸ, ಮೊಬೈಲ್, ಲಗತ್ತುಗಳ ಪಟ್ಟಿ)*

ಮೊದಲ ಪ್ಯಾರಾ ನೋಡಲು ಔಪಚಾರಿಕ, ಆದರೆ ಅದನ್ನು ಬಿಡಬೇಡಿ. ತಿರಸ್ಕಾರ ಪತ್ರದಲ್ಲಿ ಹೇಳದ ಹೊಸ ಕಾರಣವನ್ನು ಕಂಪನಿ ಆಮೇಲೆ ಹುಡುಕಿ ತರುವಂತಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಸೌರಾಷ್ಟ್ರ ಕೆಮಿಕಲ್ಸ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ‘ಎರಡೇ ಕಾರಣ’ ಎಂದು ಆರಂಭದಲ್ಲೇ ಕಟ್ಟುಹಾಕಿದರೆ, ನಾಳೆ ಒಂಬುಡ್ಸ್‌ಮನ್ ಮುಂದೆ ಮೂರನೆಯದು ಹುಟ್ಟಿಕೊಂಡಾಗ ಬೆರಳಿಟ್ಟು ತೋರಿಸಬಹುದು.

ನಾಲ್ಕನೇ ಪ್ಯಾರಾದಲ್ಲಿ ತೀರ್ಪು ಸೇರಿಸಬೇಕೇ ಎಂದು ಹಲವರು ಕೇಳುತ್ತಾರೆ. ಸೇರಿಸುವುದಾದರೆ ಒಂದು ಸಾಕು: ಓಂ ಪ್ರಕಾಶ್ ವಿರುದ್ಧ ರಿಲಯನ್ಸ್ ಜನರಲ್ ಇನ್ಶೂರೆನ್ಸ್, ಸುಪ್ರೀಂ ಕೋರ್ಟ್, 2017. ತಡಕ್ಕೆ ಸಮರ್ಪಕ ವಿವರಣೆ ಇದ್ದರೆ, ತಾಂತ್ರಿಕ ನೆಪವೊಡ್ಡಿ ಯಾಂತ್ರಿಕವಾಗಿ ಕ್ಲೇಮ್ ತಿರಸ್ಕರಿಸಬಾರದು ಎಂಬುದು ಅದರ ಸಾರ. ಅದು ವಾಹನ ಕಳ್ಳತನದ ಪ್ರಕರಣ ಎಂಬುದನ್ನು ಮರೆಮಾಚದೆ ಬರೆಯಿರಿ. ಅಂತರ್ಜಾಲದಲ್ಲಿ ಸಿಕ್ಕ ಹತ್ತು ತೀರ್ಪುಗಳನ್ನು ಪೇರಿಸಿದರೆ ಓದುವ ಅಧಿಕಾರಿಯ ಗಮನ ನಿಮ್ಮ ಸರ್ವೇ ವರದಿಯಿಂದ ಸರಿದುಹೋಗುತ್ತದೆ, ಅದು ನಿಮಗೇ ನಷ್ಟ.

ಏಜೆಂಟರ ನಡತೆ, ಕಾಲ್ ಸೆಂಟರಿನವರ ಉಡಾಫೆ, ಎಷ್ಟು ವರ್ಷದಿಂದ ಪ್ರೀಮಿಯಂ ಕಟ್ಟುತ್ತಿದ್ದೀರಿ ಎಂಬ ನೋವು ಎಲ್ಲವೂ ನಿಜವೇ. ಆದರೂ ಈ ಪತ್ರದಲ್ಲಿ ಅವಕ್ಕೆ ಜಾಗ ಬೇಡ. ‘ಮೋಸಗಾರರು’ ಎಂಬ ಒಂದು ಪದ ಬಿದ್ದರೆ ಉತ್ತರ ಆ ಪದಕ್ಕೆ ಬರುತ್ತದೆ, ಮೂರನೇ ಪ್ಯಾರಾಕ್ಕೆ ಬರುವುದಿಲ್ಲ.

ಕಳುಹಿಸುವುದು, ಕಾಯುವುದು

ಕುಂದುಕೊರತೆ ಅಧಿಕಾರಿಯ ಇಮೇಲ್ ಮತ್ತು ವಿಳಾಸ ಪಾಲಿಸಿ ಪುಸ್ತಿಕೆಯ ಕೊನೆಯ ಪುಟಗಳಲ್ಲಿ, ಕಂಪನಿಯ ಜಾಲತಾಣದಲ್ಲಿ ಇರುತ್ತದೆ. ಗ್ರಾಹಕ ಸೇವೆಯ ಸಾಮಾನ್ಯ ಇಮೇಲ್‌ಗೆ ಕಳುಹಿಸಿ ಮುಗಿಸಬೇಡಿ. ಪಾಲಿಸಿಯಲ್ಲಿ ನೋಂದಾಯಿಸಿದ ನಿಮ್ಮ ಇಮೇಲ್‌ನಿಂದಲೇ, ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿ ಕಳುಹಿಸಿ. ಅದೇ ಪ್ರತಿಗೆ ಸಹಿ ಮಾಡಿ ಸ್ಪೀಡ್ ಪೋಸ್ಟ್‌ನಲ್ಲೂ ಹಾಕಿ. ರಸೀದಿಯ ಅಕ್ಷರ ಕೆಲವು ತಿಂಗಳಲ್ಲೇ ಮಾಸುತ್ತದೆ, ಅಂದೇ ಫೋಟೊ ತೆಗೆದಿಡಿ. ತಲುಪಿದ ದಿನಾಂಕ ತೋರಿಸುವ ಪುಟವನ್ನೂ ಮುದ್ರಿಸಿಟ್ಟುಕೊಳ್ಳಿ, ಮುಂದಿನ ಗಡುವುಗಳೆಲ್ಲ ಅಲ್ಲಿಂದ ಎಣಿಕೆಯಾಗುತ್ತವೆ.

ಕಂಪನಿ 14 ದಿನದಲ್ಲಿ ದೂರನ್ನು ಇತ್ಯರ್ಥಪಡಿಸಬೇಕು. ಮಾಡದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿರದಿದ್ದರೆ ಐಆರ್‌ಡಿಎಐನ ಬಿಮಾ ಭರೋಸಾ ಜಾಲತಾಣದಲ್ಲಿ, bimabharosa.irdai.gov.in, ದೂರು ದಾಖಲಿಸಿ ಟೋಕನ್ ಸಂಖ್ಯೆ ಪಡೆಯಿರಿ. 155255 ಸಂಖ್ಯೆಗೆ ಕರೆ ಮಾಡಿಯೂ ದಾಖಲಿಸಬಹುದು. ಪ್ರಾಧಿಕಾರ ಅಲ್ಲಿ ತೀರ್ಪು ಕೊಡುವುದಿಲ್ಲ, ದೂರನ್ನು ಮತ್ತೆ ಕಂಪನಿಗೇ ಕಳುಹಿಸಿ ಅದರ ಮೇಲೆ ನಿಗಾ ಇಡುತ್ತದೆ. ಇದೇ ಹಂತದಲ್ಲಿ ಕಂಪನಿಯವರು ಫೋನ್ ಮಾಡಿ, ಅರ್ಧ ಕೊಡುತ್ತೇವೆ, ಪೂರ್ಣ ಮತ್ತು ಅಂತಿಮ ಇತ್ಯರ್ಥವೆಂದು ಸಹಿ ಮಾಡಿ ಎನ್ನಬಹುದು. ಆ ಕಾಗದಕ್ಕೆ ಸಹಿ ಬಿದ್ದ ಮೇಲೆ ಉಳಿದ ಹಣಕ್ಕೆ ಹೋರಾಡುವುದು ತುಂಬಾ ಕಷ್ಟ. ಆ ಮೊತ್ತಕ್ಕೆ ನಿಜವಾಗಿಯೂ ಒಪ್ಪಿದ್ದರೆ ಮಾತ್ರ ಸಹಿ ಮಾಡಿ.

ಕಂಪನಿ ನಿಮ್ಮ ಪತ್ರವನ್ನು ತಳ್ಳಿಹಾಕಿದರೆ, ಇಲ್ಲವೇ ತಲುಪಿ ಒಂದು ತಿಂಗಳಾದರೂ ಉತ್ತರ ಕೊಡದಿದ್ದರೆ, ವಿಮಾ ಒಂಬುಡ್ಸ್‌ಮನ್ ಬಾಗಿಲು ತೆರೆಯುತ್ತದೆ. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನಲ್ಲಿದೆ, ದೂರನ್ನು cioins.co.in ಮೂಲಕ ಮನೆಯಿಂದಲೇ ಸಲ್ಲಿಸಬಹುದು. ಶುಲ್ಕವಿಲ್ಲ, ವಕೀಲರಿಗೆ ಅಲ್ಲಿ ಅವಕಾಶವೂ ಇಲ್ಲ. ನಿಮ್ಮ ಪತ್ರ, ಲಗತ್ತು, ತಲುಪಿದ ದಾಖಲೆಯನ್ನು ಹಾಗೆಯೇ ಏರಿಸಿದರೆ ಕಡತ ಬಹುಪಾಲು ಸಿದ್ಧವಾದಂತೆ. ಗಡುವು ಒಂದು ವರ್ಷ.

ಇನ್ನೊಂದು ದಾರಿ ಜಿಲ್ಲಾ ಗ್ರಾಹಕ ಆಯೋಗ. ಮಂಡ್ಯದವರು ಮಂಡ್ಯದಲ್ಲೇ, ಮೈಸೂರಿನವರು ಮೈಸೂರಿನಲ್ಲೇ ಹೂಡಬಹುದು, ಏಕೆಂದರೆ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಗ್ರಾಹಕ ರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿದೆ. ಗಡುವು ಎರಡು ವರ್ಷ. ಮಾನಸಿಕ ಹಿಂಸೆಗೆ, ವ್ಯಾಜ್ಯದ ಖರ್ಚಿಗೆ ಪರಿಹಾರ ಕೇಳಬೇಕೆನ್ನುವವರಿಗೆ ಆಯೋಗವೇ ಸರಿಯಾದ ಜಾಗ. ನಲವತ್ತಾರು ಸಾವಿರದಂಥ ಮೊತ್ತಕ್ಕೆ, ದಾಖಲೆ ಸ್ಪಷ್ಟವಾಗಿರುವಾಗ, ನಾನಾದರೆ ಮೊದಲು ಒಂಬುಡ್ಸ್‌ಮನ್ ಬಳಿಗೇ ಹೋಗಿ ಎನ್ನುತ್ತೇನೆ. ಆಯೋಗದಲ್ಲಿ ದೂರು ಹೂಡಿದ ಮೇಲೆ ಒಂಬುಡ್ಸ್‌ಮನ್ ಅದೇ ವಿಷಯವನ್ನು ತೆಗೆದುಕೊಳ್ಳುವುದಿಲ್ಲ. ಒಂಬುಡ್ಸ್‌ಮನ್ ತೀರ್ಮಾನ ಒಪ್ಪಿಗೆಯಾಗದಿದ್ದರೆ, ಎರಡು ವರ್ಷದ ಗಡುವಿನೊಳಗೆ ಆಯೋಗಕ್ಕೆ ಹೋಗುವ ದಾರಿ ಆಗಲೂ ತೆರೆದಿರುತ್ತದೆ.